ಎಂಟರಲ್ಲಿ ಸೋತ ಒಂದು ಯಾವುದು? ಯುಪಿಎಸ್ ಬ್ಯಾಟರಿಗಳ ಒಳರೋಧ ಅಳೆಯುವ ದಾರಿಗಳ ಹೋಲಿಕೆ

ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಸಣ್ಣ ರಕ್ತಪರೀಕ್ಷಾ ಲ್ಯಾಬ್ ಇದೆ. ಅಲ್ಲಿನ 3 ಕೆವಿಎ ಆನ್‌ಲೈನ್ ಯುಪಿಎಸ್ ಹೊಸದರಲ್ಲಿ ಒಂದೂವರೆ ಗಂಟೆ ನಡೆಸುತ್ತಿತ್ತು. ಏಪ್ರಿಲ್‌ನಲ್ಲಿ ಮೊದಲ ಗಾಳಿ ಮಳೆಗೆ ಕೊಂಬೆಯೊಂದು ತಂತಿಯ ಮೇಲೆ ಬಿದ್ದು ಕರೆಂಟ್ ಹೋದ ದಿನ ಅದು ಹದಿನೆಂಟೇ ನಿಮಿಷಕ್ಕೆ ಕೈಕೊಟ್ಟಿತು. ಅರ್ಧ ನಡೆದಿದ್ದ ಪರೀಕ್ಷೆಗಳೆಲ್ಲ ಹಾಳಾಗಿ, ಬೆಳಗ್ಗೆ ಬಂದು ಹೋಗಿದ್ದವರನ್ನು ಮತ್ತೆ ಕರೆಸಿ ರಕ್ತ ತೆಗೆಯಬೇಕಾಯಿತು. ನೋಡಲು ಬಂದವರು ಮಲ್ಟಿಮೀಟರ್ ಹಿಡಿದು, ಎಂಟು ಬ್ಯಾಟರಿಗಳೂ ಹದಿಮೂರೂವರೆ ವೋಲ್ಟ್ ದಾಟಿರುವುದನ್ನು ಕಂಡು, ಯಾವುದು ಕೆಟ್ಟಿದೆ ಎಂದು ಹೇಳಲಾರದೆ ಎಂಟನ್ನೂ ಬದಲಿಸಿ ಎಂದು ಬರೆದುಕೊಟ್ಟು ಹೋಗಿದ್ದರು. ಬ್ಯಾಟರಿಗಳಿಗೆ ಆಗ ಎರಡು ವರ್ಷ ಎರಡು ತಿಂಗಳು.

"ಎಂಟನ್ನೂ ಬದಲಿಸಲೇಬೇಕೇ ಸರ್? ಒಂದು ಕೆಟ್ಟಿದ್ದರೆ ಅದು ಯಾವುದೆಂದು ತಿಳಿಯುವುದಿಲ್ಲವೇ?" ಎಂದು ಲ್ಯಾಬಿನ ಮೇಡಂ ಫೋನಿನಲ್ಲಿ ಕೇಳಿದರು. ತಿಳಿಯುತ್ತದೆ. ಅದಕ್ಕೆ ಹಲವು ದಾರಿಗಳಿವೆ. ಮೈಸೂರು, ಮಂಡ್ಯದ ಕಚೇರಿ, ಲ್ಯಾಬು, ಸಹಕಾರ ಸಂಘಗಳಲ್ಲಿ ಇಂಥ ಯುಪಿಎಸ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ನಾನು ಎಲ್ಲವನ್ನೂ ಬಳಸಿದ್ದೇನೆ. ಯಾವುದು ಏನನ್ನು ತೋರಿಸುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬುದನ್ನು ಈ ಲ್ಯಾಬಿನ ಎಂಟು ಬ್ಯಾಟರಿಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ವೋಲ್ಟೇಜ್ ಏಕೆ ಸಾಲದು

ಅಲ್ಲಿದ್ದವು 12 ವೋಲ್ಟ್, 26 ಆಂಪಿಯರ್‌ಅವರ್‌ನ ಎಸ್‌ಎಂಎಫ್ ಬ್ಯಾಟರಿಗಳು, ಅಂದರೆ ನೀರು ತುಂಬುವ ಕೆಲಸವಿಲ್ಲದ ಮುಚ್ಚಿದ ಸೀಸದ ಬ್ಯಾಟರಿಗಳು. ಎಂಟನ್ನು ಒಂದರ ಹಿಂದೊಂದು ಜೋಡಿಸಿ 96 ವೋಲ್ಟ್ ಮಾಡಲಾಗಿದೆ. ಕರೆಂಟ್ ಇರುವಾಗ ಚಾರ್ಜರ್ ಇಡೀ ಸಾಲನ್ನು 109 ವೋಲ್ಟ್‌ನ ಸುತ್ತ ಫ್ಲೋಟ್‌ನಲ್ಲಿ, ಅಂದರೆ ತುಂಬಿದ ಬ್ಯಾಟರಿ ತುಂಬಿಯೇ ಇರುವಂತೆ, ಹಿಡಿದಿರುತ್ತದೆ. ಆಗ ಸಾಲಿನಲ್ಲಿ ಹರಿಯುವುದು ಮಿಲಿಆಂಪಿಯರ್‌ಗಳಲ್ಲಿ ಎಣಿಸುವಷ್ಟು ಮಾತ್ರ. ಬ್ಯಾಟರಿಯ ಒಳಗಿನ ರೋಧ ಮೂರು ಪಟ್ಟಾಗಿದ್ದರೂ ಅಷ್ಟು ಸಣ್ಣ ಪ್ರವಾಹಕ್ಕೆ ಅದು ವೋಲ್ಟೇಜ್‌ನಲ್ಲಿ ಕಾಣುವುದಿಲ್ಲ. ನಾನು ನೋಡಿದಾಗ ಎಂಟರಲ್ಲಿ ಕಡಿಮೆ ಇದ್ದದ್ದು 2ನೆಯದು, 13.52. ಮಲ್ಟಿಮೀಟರನ್ನೇ ನಂಬಿದ್ದರೆ ಅದರ ಮೇಲೆ ಅನುಮಾನ ಬೀಳುತ್ತಿತ್ತು. 5ನೆಯದು 13.74 ತೋರಿಸುತ್ತಿತ್ತು. ನಿಜವಾಗಿ ಸೋತಿದ್ದು ಆ 5ನೆಯದೇ.

ಒಂದು ಸಂದರ್ಭದಲ್ಲಿ ಮಾತ್ರ ಫ್ಲೋಟ್ ವೋಲ್ಟೇಜ್ ನೇರವಾಗಿ ಮಾತಾಡುತ್ತದೆ. ಬ್ಯಾಟರಿಯ ಆರು ಸೆಲ್‌ಗಳಲ್ಲಿ ಒಂದು ಶಾರ್ಟ್ ಆಗಿದ್ದರೆ ಆ ಬ್ಯಾಟರಿ ಉಳಿದವುಗಳಿಗಿಂತ ಸುಮಾರು ಎರಡು ವೋಲ್ಟ್ ಕೆಳಗೆ ಕೂರುತ್ತದೆ. ಹಾಗೆ ಕಂಡರೆ ಬೇರೆ ಪರೀಕ್ಷೆ ಬೇಕಿಲ್ಲ. ಆದರೆ ನಾನು ಹೆಚ್ಚಾಗಿ ಕಂಡಿರುವುದು ಇದಲ್ಲ. ಒಳಗಿನ ನೀರಿನಂಶ ಆರುವುದು, ಪ್ಲೇಟಿನ ಜಾಲರಿ ತುಕ್ಕು ಹಿಡಿಯುವುದು, ಸೆಲ್‌ಗಳನ್ನು ಕೂಡಿಸುವ ಸೀಸದ ಪಟ್ಟಿ ಬಿರುಕು ಬಿಡುವುದು, ಇವೇ ಹೆಚ್ಚು. ಮೂರೂ ಒಳರೋಧವನ್ನು ಏರಿಸುತ್ತವೆ, ಫ್ಲೋಟ್ ವೋಲ್ಟೇಜನ್ನು ಹೆಚ್ಚಾಗಿ ಹಾಗೆಯೇ ಬಿಡುತ್ತವೆ.

ನಾಲ್ಕು ತಂತಿಯ 1 ಕಿಲೋಹರ್ಟ್ಸ್ ಮೀಟರ್

26 ಆಂಪಿಯರ್‌ಅವರ್‌ನ ಹೊಸ ಬ್ಯಾಟರಿಯ ಒಳರೋಧ ಸುಮಾರು 10 ಮಿಲಿಓಮ್, ಅಂದರೆ ಒಂದು ಓಮ್‌ನ ನೂರರಲ್ಲಿ ಒಂದು ಭಾಗ. ಮಲ್ಟಿಮೀಟರಿನ ಓಮ್ ಸ್ಥಾನದಲ್ಲಿ ಇದನ್ನು ಅಳೆಯಲು ಹೋಗಲೇಬಾರದು. ಬ್ಯಾಟರಿಯ ವೋಲ್ಟೇಜ್‌ಗೆ ಮೀಟರ್ ಕೆಡಬಹುದು. ಕೆಡದಿದ್ದರೂ ಪ್ರೋಬ್‌ನ ತಂತಿಯ ರೋಧವೇ ಬ್ಯಾಟರಿಯದ್ದಕ್ಕಿಂತ ದೊಡ್ಡದು. ಇದಕ್ಕೆಂದೇ ಇರುವ ಮೀಟರ್ ಎರಡು ತಂತಿಗಳಲ್ಲಿ ಸಣ್ಣ ಪರ್ಯಾಯ ಪ್ರವಾಹವನ್ನು ಬ್ಯಾಟರಿಯೊಳಗೆ ಕಳುಹಿಸಿ, ಬೇರೆ ಎರಡು ತಂತಿಗಳಲ್ಲಿ ಅದರಿಂದ ಹುಟ್ಟಿದ ವೋಲ್ಟೇಜನ್ನು ಓದುತ್ತದೆ. ಹಾಗಾಗಿ ತಂತಿಯ ರೋಧ ಲೆಕ್ಕಕ್ಕೆ ಬರುವುದಿಲ್ಲ. ಕೆಲವು ಸಾವಿರ ರೂಪಾಯಿಗೆ ಸಿಗುವ ಕೈಮೀಟರುಗಳಿವೆ, ಲಕ್ಷ ದಾಟುವ ಹೆಸರಾಂತ ಕಂಪನಿಗಳ ಮೀಟರುಗಳೂ ಇವೆ. ದುಬಾರಿಯದು ಯುಪಿಎಸ್ ನಡೆಯುತ್ತಿರುವಾಗಲೇ ಚಾರ್ಜರಿನ ಏರಿಳಿತವನ್ನು ಸೋಸಿ ಓದುತ್ತದೆ ಮತ್ತು ಓದಿದ್ದನ್ನು ನೆನಪಿಟ್ಟುಕೊಳ್ಳುತ್ತದೆ. ಅಗ್ಗದ್ದು ಅಲ್ಲಿ ತಡಬಡಾಯಿಸುತ್ತದೆ, ಅಂಕಿ ಕುಣಿಯುತ್ತದೆ. ಸಾಲನ್ನು ಬೇರ್ಪಡಿಸಿ ಅಳೆದರೆ ಎಂಟು ಬ್ಯಾಟರಿಗಳಲ್ಲಿ ಒಂದನ್ನು ಹಿಡಿಯಲು ಅಗ್ಗದ್ದೇ ಸಾಕು.

ಬೇರ್ಪಡಿಸುವುದೆಂದರೆ ಬ್ಯಾಟರಿಯ ಡಿಸಿ ಬ್ರೇಕರ್ ಇಳಿಸುವುದು. ಅಷ್ಟು ಹೊತ್ತು ಯುಪಿಎಸ್‌ಗೆ ಬೆನ್ನಿಗೆ ಬ್ಯಾಟರಿ ಇರುವುದಿಲ್ಲ, ಅದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ನಾವು ಲ್ಯಾಬಿನ ಮಧ್ಯಾಹ್ನದ ಬಿಡುವನ್ನು ಆರಿಸಿಕೊಂಡೆವು. ಬ್ರೇಕರ್ ಇಳಿಸಿದ ಮಾತ್ರಕ್ಕೆ ಸಾಲು ಸತ್ತಿತು ಎಂದು ತಿಳಿಯಬಾರದು. ಎರಡು ತುದಿಗಳ ನಡುವೆ ನೂರು ವೋಲ್ಟ್ ಡಿಸಿ ಹಾಗೆಯೇ ನಿಂತಿರುತ್ತದೆ. ಆದ್ದರಿಂದ ಮೊದಲು 4 ಮತ್ತು 5ರ ನಡುವಿನ ಲಿಂಕ್ ವೈರ್ ಬಿಚ್ಚಿ ಸಾಲನ್ನು ಎರಡು ಅರ್ಧ ಮಾಡಬೇಕು. ಇನ್ಸುಲೇಟೆಡ್ ಸ್ಪ್ಯಾನರ್ ಬೇಕು, ಕೈಯಲ್ಲಿ ಉಂಗುರ, ಕಡಗ, ಗಡಿಯಾರ ಇರಬಾರದು. ಟ್ರಾನ್ಸ್‌ಫಾರ್ಮರ್ ಇಲ್ಲದ ಯುಪಿಎಸ್‌ಗಳಲ್ಲಿ ಬ್ಯಾಟರಿಯ ತುದಿಗೂ ಮನೆಯ ಕರೆಂಟಿಗೂ ಒಳಗೇ ಸಂಬಂಧವಿರುತ್ತದೆ. ಬ್ರೇಕರ್ ಎರಡೂ ತಂತಿಗಳನ್ನು ಕಡಿಯುವಂಥದ್ದೇ ಎಂದು ಖಚಿತಪಡಿಸಿಕೊಳ್ಳದೆ ಮುಟ್ಟಬೇಡಿ. ಮೀಟರಿನ ಪ್ರೋಬ್‌ಗಳನ್ನು ಯಾವತ್ತೂ ಒಂದೇ ಬ್ಯಾಟರಿಯ ಎರಡು ತುದಿಗಳಿಗೆ ಮಾತ್ರ ಹಿಡಿಯಬೇಕು. ಇಡೀ ಸಾಲಿಗೆ ಹಿಡಿದರೆ ಅಗ್ಗದ ಮೀಟರು ಅಲ್ಲೇ ಸುಟ್ಟುಹೋಗಬಹುದು.

ಅಳೆಯುವ ದಿನ ಬ್ಯಾಟರಿಗಳು ಪೂರ್ತಿ ಚಾರ್ಜ್ ಆಗಿರಬೇಕು. ಕರೆಂಟ್ ಹೋಗಿ ಬಂದ ಮೇಲೆ ಕನಿಷ್ಠ ಒಂದು ದಿನ ಫ್ಲೋಟ್‌ನಲ್ಲಿರಲಿ. ಅರೆ ಚಾರ್ಜ್ ಆದ ಬ್ಯಾಟರಿ ಒಳ್ಳೆಯದಾಗಿದ್ದರೂ ರೋಧ ಹೆಚ್ಚು ತೋರಿಸುತ್ತದೆ.

ನಮಗೆ ಸಿಕ್ಕ ಓದುಗಳು ಮಿಲಿಓಮ್‌ನಲ್ಲಿ ಹೀಗಿದ್ದವು: 1ರಿಂದ 4ರವರೆಗೆ 12.1, 12.6, 11.9, 12.4. 5ನೆಯದು 38.6. 6ನೆಯದು 12.2, 7ನೆಯದು 17.3, 8ನೆಯದು 12.0. ಇಲ್ಲಿ ಸರಾಸರಿ ತೆಗೆಯಬಾರದು, ಕೆಟ್ಟದ್ದು ಸರಾಸರಿಯನ್ನೇ ಮೇಲೆಳೆದು ತನ್ನ ತಪ್ಪನ್ನು ಹಂಚಿಬಿಡುತ್ತದೆ. ಕಡಿಮೆಯಿಂದ ಹೆಚ್ಚಿಗೆ ಬರೆದು ನಡುವಿನ ಎರಡನ್ನು ತೆಗೆದುಕೊಂಡರೆ 12.3 ಸಿಗುತ್ತದೆ. ಅದಕ್ಕೆ ಹೋಲಿಸಿದರೆ 5ನೆಯದು ಮೂರು ಪಟ್ಟಿಗೂ ಮೀರಿದೆ, 7ನೆಯದು ಶೇಕಡಾ 40 ಹೆಚ್ಚಿದೆ. ಶೇಕಡಾ 30 ದಾಟಿದ್ದನ್ನು ನಾನು ಅನುಮಾನದ ಪಟ್ಟಿಗೆ ಸೇರಿಸುತ್ತೇನೆ, ಶೇಕಡಾ 50 ದಾಟಿದರೆ ಬದಲಿಸುವ ಪಟ್ಟಿಗೆ. ಬ್ಯಾಟರಿ ಹೊಸದಾಗಿದ್ದ ದಿನದ ಓದು ಬರೆದಿಟ್ಟಿದ್ದರೆ ಅದಕ್ಕೆ ಹೋಲಿಸುವುದೇ ಮೇಲು. ಆದರೆ ಬರೆದಿಟ್ಟವರನ್ನು ನಾನು ಕಂಡಿರುವುದು ಕಡಿಮೆ.

7ನೆಯದನ್ನು ಬದಲಿಸುವ ಪಟ್ಟಿಗೆ ಬರೆಯುವ ಮುಂಚೆ ಟಾರ್ಚ್ ಹಾಕಿ ನೋಡಿದೆ. ಜೊತೆಯಲ್ಲಿದ್ದ ಹುಡುಗ ಪ್ರೋಬ್‌ನ ಮೊನೆಯನ್ನು ಬೋಲ್ಟಿನ ತಲೆಯ ಮೇಲೆ ಇಟ್ಟಿದ್ದ. ವಾಷರಿನ ಅಂಚಿನಲ್ಲಿ ಬೂದು ಬಿಳುಪಿನ ತೆಳು ಪುಡಿ ಕೂತಿತ್ತು. ಬೋಲ್ಟ್ ಬಿಚ್ಚಿ, ವಾಷರ್ ಉಜ್ಜಿ, ಮೊನೆಯನ್ನು ಬ್ಯಾಟರಿಯ ಸೀಸದ ಟರ್ಮಿನಲ್ ಮೇಲೆಯೇ ಒತ್ತಿದಾಗ 12.8 ಬಂತು. ಬ್ಯಾಟರಿ ಚೆನ್ನಾಗಿಯೇ ಇತ್ತು, ಹೆಚ್ಚಿನ ರೋಧ ಬೋಲ್ಟಿನದ್ದಾಗಿತ್ತು. 5ನೆಯದನ್ನೂ ಹಾಗೆಯೇ ಉಜ್ಜಿ ನೋಡಿದೆವು, 38.5 ಬಂತು. ಇದೇ ಮೀಟರಿನಿಂದ ಒಂದು ಬ್ಯಾಟರಿಯ ಟರ್ಮಿನಲ್‌ನಿಂದ ಪಕ್ಕದ ಬ್ಯಾಟರಿಯ ಟರ್ಮಿನಲ್‌ವರೆಗೆ ಲಿಂಕ್ ವೈರನ್ನೂ ಅಳೆಯಬಹುದು. ಎಲ್ಲ ಲಿಂಕ್‌ಗಳೂ ಹೆಚ್ಚು ಕಡಿಮೆ ಒಂದೇ ಸಮ ಇರಬೇಕು. ಒಂದು ಮಾತ್ರ ಎದ್ದು ಕಂಡರೆ ಅದರ ಬೋಲ್ಟ್ ಸಡಿಲವಾಗಿರಬಹುದು, ಇಲ್ಲವೇ ಪುಡಿ ಹಿಡಿದಿರಬಹುದು.

ಕಾರಿನ ಬ್ಯಾಟರಿ ಪರೀಕ್ಷಿಸುವ ಡಿಜಿಟಲ್ ಟೆಸ್ಟರ್

ಕಾರಿನ ಬ್ಯಾಟರಿ ಮಾರುವ ಅಂಗಡಿಗಳಲ್ಲಿ ಅಂಗೈಯಗಲದ ಡಿಜಿಟಲ್ ಟೆಸ್ಟರ್ ಇರುತ್ತದೆ. ಇದು ರೋಧದ ತಲೆಕೆಳಗಾದ ಲೆಕ್ಕವನ್ನು, ಅಂದರೆ ವಾಹಕತೆಯನ್ನು ಅಳೆದು, ಅದನ್ನು ಕಾರ್ ಸ್ಟಾರ್ಟ್ ಮಾಡುವ ಶಕ್ತಿಯ ಅಂಕಿಯಾಗಿ ಬದಲಿಸಿ ತೋರಿಸುತ್ತದೆ. ಯುಪಿಎಸ್ ಬ್ಯಾಟರಿಗೆ ಆ ಅಂಕಿ ಮುದ್ರಿತವಾಗಿರುವುದಿಲ್ಲ. ಹಾಗಾಗಿ ಅದು ಕೊಡುವ "ಒಳ್ಳೆಯದು", "ಬದಲಿಸಿ" ಎಂಬ ತೀರ್ಪನ್ನು ಕಿವಿಗೆ ಹಾಕಿಕೊಳ್ಳಬೇಡಿ. ಎಂಟಕ್ಕೂ ಒಂದೇ ಅಳತೆ ಇಟ್ಟು ಬರುವ ಸಂಖ್ಯೆಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಿ. ಲ್ಯಾಬಿನಲ್ಲಿ ಇದನ್ನೂ ಹಿಡಿದು ನೋಡಿದೆ: ಉಳಿದವು 240ರ ಆಸುಪಾಸಿನಲ್ಲಿದ್ದರೆ 5ನೆಯದು 80ನ್ನೂ ಮುಟ್ಟಲಿಲ್ಲ. ಅನುಪಾತ ಮೀಟರಿನದ್ದೇ. ತೊಡಕು ಕ್ಲಿಪ್‌ನಲ್ಲಿದೆ. ಅದರ ಎರಡು ದವಡೆಗಳಿಗೂ ಬೇರೆ ಬೇರೆ ತಂತಿ ಇರುತ್ತದೆ, ಎರಡೂ ಲೋಹವನ್ನು ಕಚ್ಚಲೇಬೇಕು. ಕಾರಿನ ದಪ್ಪ ಕಂಬಕ್ಕೆ ಮಾಡಿದ ಕ್ಲಿಪ್ ಯುಪಿಎಸ್ ಬ್ಯಾಟರಿಯ ಸಣ್ಣ ಚಪ್ಪಟೆ ಟರ್ಮಿನಲ್ ಮೇಲೆ ಜಾರುತ್ತದೆ, ಜಾರಿದಾಗ ಒಳ್ಳೆಯ ಬ್ಯಾಟರಿಯೂ ಕೆಟ್ಟದ್ದೆಂದು ಕಾಣುತ್ತದೆ. ಮೂರು ಸಲ ಹಿಡಿದು ಮೂರೂ ಸಲ ಒಂದೇ ಸಂಖ್ಯೆ ಬಂದರೆ ನಂಬಬಹುದು. ಪರಿಚಯದ ಅಂಗಡಿಯಿಂದ ಒಂದು ಗಂಟೆಗೆ ಎರವಲು ಸಿಗುವುದಾದರೆ ಖರ್ಚಿಲ್ಲದ ಒಳ್ಳೆಯ ದಾರಿ ಇದು.

ಹೆಡ್‌ಲೈಟ್ ಬಲ್ಬ್ ಮತ್ತು ಮಲ್ಟಿಮೀಟರ್

ಮೀಟರು, ಟೆಸ್ಟರು ಎರಡೂ ಇಲ್ಲದಿದ್ದರೆ ಕಾರಿನ ಎರಡು ಹೆಡ್‌ಲೈಟ್ ಬಲ್ಬ್, ಒಂದು ಮಲ್ಟಿಮೀಟರ್, ಡಿಸಿ ಅಳೆಯುವ ಒಂದು ಕ್ಲಾಂಪ್ ಮೀಟರ್ ಸಾಕು. ಪ್ರತಿಯೊಂದೂ 60 ಮತ್ತು 55 ವಾಟ್‌ನ ಎರಡು ತಂತುಗಳಿರುವ ಬಲ್ಬ್ ಆಗಿರಬೇಕು. ಮೊದಲು ಒಂದೇ ತಂತು ಉರಿಸಿ ಇಪ್ಪತ್ತು ಸೆಕೆಂಡ್ ಆದ ಮೇಲೆ ವೋಲ್ಟೇಜ್ ಮತ್ತು ಪ್ರವಾಹ ಬರೆದುಕೊಳ್ಳಬೇಕು. ಅನಂತರ ನಾಲ್ಕೂ ತಂತುಗಳನ್ನು ಉರಿಸಿ ಐದನೆಯ ಸೆಕೆಂಡಿನಲ್ಲಿ ಮತ್ತೆ ಬರೆದುಕೊಳ್ಳಬೇಕು. ಲೆಕ್ಕ ಇಷ್ಟೇ:

```
R = (V1 − V2) ÷ (I2 − I1)
```

ಲೋಡ್ ಇಲ್ಲದ ವೋಲ್ಟೇಜ್‌ನಿಂದ ಯಾಕೆ ಶುರು ಮಾಡಬಾರದು ಎಂದರೆ, ಈಗಷ್ಟೇ ಚಾರ್ಜರ್‌ನಿಂದ ಇಳಿದ ಬ್ಯಾಟರಿಯ ಪ್ಲೇಟುಗಳ ಮೇಲ್ಪದರದಲ್ಲಿ ಸ್ವಲ್ಪ ಹುಸಿ ವೋಲ್ಟೇಜ್ ಇರುತ್ತದೆ. ಮೊದಲ ಬಲ್ಬ್ ಅದನ್ನು ಹೀರಿಬಿಡುತ್ತದೆ. 3ನೆಯ ಬ್ಯಾಟರಿಯಲ್ಲಿ 4.4 ಆಂಪಿಯರ್‌ಗೆ 12.64 ವೋಲ್ಟ್, 17.9 ಆಂಪಿಯರ್‌ಗೆ 12.37 ವೋಲ್ಟ್ ಬಂತು. 0.27 ಅನ್ನು 13.5ರಿಂದ ಭಾಗಿಸಿದರೆ 20 ಮಿಲಿಓಮ್. 5ನೆಯದರಲ್ಲಿ 4.3 ಆಂಪಿಯರ್‌ಗೆ 12.38, 17.1 ಆಂಪಿಯರ್‌ಗೆ 11.48. ಅಂದರೆ 0.90 ಭಾಗಿಸು 12.8, ಸುಮಾರು 70 ಮಿಲಿಓಮ್.

ಮೀಟರಿನಲ್ಲಿ 11.9 ಬಂದದ್ದಕ್ಕೆ ಇಲ್ಲಿ 20 ಬಂದಿರುವುದನ್ನು ನೋಡಿ ಗಾಬರಿ ಬೇಡ. ಸೆಕೆಂಡಿಗೆ ಸಾವಿರ ಸಲ ಹಿಂದೆ ಮುಂದೆ ಹರಿಯುವ ಪ್ರವಾಹಕ್ಕೆ ಲೋಹ ಮತ್ತು ಆಮ್ಲದ ರೋಧ ಮಾತ್ರ ಕಾಣುತ್ತದೆ. ಸೆಕೆಂಡುಗಟ್ಟಲೆ ಒಂದೇ ದಿಕ್ಕಿನಲ್ಲಿ ಹರಿಯುವ ಪ್ರವಾಹ ಪ್ಲೇಟಿನ ಮೇಲ್ಮೈಯಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯ ತಡೆಯನ್ನೂ ಎದುರಿಸುತ್ತದೆ. ಎರಡು ವಿಧಾನಗಳ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿ ಬೆರೆಸದಿದ್ದರೆ ಸರಿ. ಐಇಸಿ 60896-21 ಮಾನದಂಡದಲ್ಲೂ ಹೀಗೆಯೇ ಎರಡು ಪ್ರವಾಹಗಳ ವಿಧಾನವಿದೆ, ಆದರೆ ಅಲ್ಲಿನ ಪ್ರವಾಹಗಳು ನಮ್ಮ ಬಲ್ಬ್‌ಗಳಿಗಿಂತ ಬಹಳ ದೊಡ್ಡವು. ಆದ್ದರಿಂದ ಬಲ್ಬ್‌ನಿಂದ ಬಂದ ಅಂಕಿಯನ್ನು ತಯಾರಕರ ಹಾಳೆಯ ಅಂಕಿಗೆ ಹೋಲಿಸದೆ, ಅದೇ ಸಾಲಿನ ಒಡಹುಟ್ಟುಗಳಿಗೆ ಮಾತ್ರ ಹೋಲಿಸಬೇಕು.

ಬಲ್ಬ್ ವಿಧಾನ ನನಗೆ ಇಷ್ಟ, ಯಾಕೆಂದರೆ ಅದು ಬ್ಯಾಟರಿಗೆ ನಿಜವಾದ ಕೆಲಸ ಕೊಡುತ್ತದೆ. ಆದರೆ ಕೈಕೆಲಸ ಹೆಚ್ಚು, ಎಂಟು ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಸ್ವಿಚ್ಚನ್ನು ಬ್ಯಾಟರಿಯಿಂದ ಒಂದು ಮೊಳ ದೂರ ಇಡಿ. ತಂತಿಯನ್ನು ಟರ್ಮಿನಲ್ ಮೇಲೆಯೇ ಮುಟ್ಟಿಸಿ ಬಿಡಿಸಿದರೆ ಕಿಡಿ ಹಾರುತ್ತದೆ, ಬ್ಯಾಟರಿಯ ಸುತ್ತ ಹೈಡ್ರೋಜನ್ ಇರಬಹುದು. ನೂರು ಆಂಪಿಯರ್ ಎಳೆಯುವ ಸುರುಳಿ ತಂತಿಯ ಲೋಡ್ ಟೆಸ್ಟರನ್ನು ನಾನು 26ರ ಬ್ಯಾಟರಿಗೆ ಹಾಕುವುದಿಲ್ಲ. ಒಳಗಿನ ಪಟ್ಟಿ ಬಿರುಕು ಬಿಟ್ಟಿದ್ದರೆ ಕಿಡಿ ಬ್ಯಾಟರಿಯ ಒಳಗೇ ಹುಟ್ಟುತ್ತದೆ.

ಯುಪಿಎಸ್ ಅನ್ನೇ ಓಡಿಸಿ ನೋಡುವುದು

ಕೊನೆಯದು, ಮೈನ್ಸ್ ತೆಗೆದು ಯುಪಿಎಸ್ ಅನ್ನು ಬ್ಯಾಟರಿಯ ಮೇಲೆ ನಡೆಸುತ್ತ ಪ್ರತಿಯೊಂದರ ವೋಲ್ಟೇಜನ್ನು ಸುತ್ತು ಸುತ್ತಾಗಿ ಅಳೆಯುವುದು. ನಿಜವನ್ನು ಪೂರ್ತಿ ಹೇಳುವ ಪರೀಕ್ಷೆ ಇದೊಂದೇ. ಆದರೆ ಸೋತ ಬ್ಯಾಟರಿಗೆ ಇದು ಇನ್ನಷ್ಟು ಪೆಟ್ಟು ಕೊಡುತ್ತದೆ, ಅದೇ ಹೊತ್ತಿಗೆ ನಿಜವಾಗಿ ಕರೆಂಟ್ ಹೋದರೆ ಬ್ಯಾಟರಿ ಖಾಲಿಯಾಗಿರುತ್ತದೆ, ಮತ್ತು ಇಲ್ಲಿ ಸಾಲು ಜೀವಂತವಾಗಿರುವಾಗಲೇ ಅಳೆಯಬೇಕು. ಹಾಗಾಗಿ ಅಭ್ಯಾಸವಿಲ್ಲದವರು ಮಾಡುವಂಥದ್ದಲ್ಲ.

ಒಂದು ಭಾನುವಾರ ಲ್ಯಾಬಿನಲ್ಲಿ ಯಂತ್ರಗಳ ಬದಲು ಹೀಟರ್ ಇಟ್ಟು ಸುಮಾರು 900 ವಾಟ್ ಲೋಡ್‌ನಲ್ಲಿ ಓಡಿಸಿದೆವು. ಸಾಲಿನಿಂದ 11 ಆಂಪಿಯರ್‌ಗೆ ಸ್ವಲ್ಪ ಕಡಿಮೆ ಹರಿಯುತ್ತಿತ್ತು. ಐದನೆಯ ನಿಮಿಷದಲ್ಲಿ ಎಲ್ಲವೂ 12.3ರ ಮೇಲಿದ್ದರೆ 5ನೆಯದು 11.4. ಹನ್ನೆರಡನೆಯ ನಿಮಿಷಕ್ಕೆ 9.6. ಆಮೇಲೆ ಅದು ಬಾವಿಗೆ ಬಿದ್ದ ಕೊಡದಂತೆ ಇಳಿಯಿತು. ಪ್ರೋಬ್ ಹಿಡಿದೇ ಇದ್ದೆ, ಅಂಕಿ ಸೊನ್ನೆಯನ್ನು ದಾಟಿ ಮುಂದೆ ಮೈನಸ್ ಗುರುತು ಮೂಡಿತು. ಉಳಿದ ಏಳು ಸೇರಿ ಅದನ್ನು ಉಲ್ಟಾ ಚಾರ್ಜ್ ಮಾಡುತ್ತಿದ್ದವು. ಏಳು ಬ್ಯಾಟರಿಗಳ 85 ವೋಲ್ಟ್‌ನಿಂದ ಇದು ಒಂದೂವರೆ ವೋಲ್ಟ್ ಕಳೆದಾಗ ಮೊತ್ತ 84ರ ಕೆಳಗಿಳಿಯಿತು, ಯುಪಿಎಸ್ ಬ್ಯಾಟರಿ ಮುಗಿಯಿತೆಂದು ತಿಳಿದು ನಿಂತಿತು. ಏಪ್ರಿಲ್‌ನ ಹದಿನೆಂಟು ನಿಮಿಷದ ಗುಟ್ಟು ಇದೇ. ಏಳು ಬ್ಯಾಟರಿಗಳಲ್ಲಿ ಶಕ್ತಿ ಬಹುಪಾಲು ಹಾಗೆಯೇ ಉಳಿದಿತ್ತು.

ಹಾಗಾದರೆ ಯಾವುದನ್ನು ಆರಿಸಬೇಕು

ಯುಪಿಎಸ್ ಹಿಂದಿಗಿಂತ ಬೇಗ ನಿಲ್ಲುತ್ತಿದೆ, ಯಾವುದು ಕಾರಣ ಎಂಬುದಷ್ಟೇ ನಿಮ್ಮ ಪ್ರಶ್ನೆಯಾದರೆ ಅಗ್ಗದ 1 ಕಿಲೋಹರ್ಟ್ಸ್ ಮೀಟರ್ ಕೊಳ್ಳಿ. ವರ್ಷಕ್ಕೆ ಒಂದೆರಡು ಸಲ ಒಂದೇ ಯುಪಿಎಸ್ ನೋಡುವವರಿಗೆ ಎರವಲು ತಂದ ಕಾರ್ ಟೆಸ್ಟರ್ ಸಾಕು. ದುಬಾರಿ ಮೀಟರ್ ಬೇಕಾಗುವುದು ಬ್ಯಾಟರಿಯನ್ನು ಒಂದು ನಿಮಿಷವೂ ಬೇರ್ಪಡಿಸಲಾಗದ ಆಸ್ಪತ್ರೆ, ಸರ್ವರ್ ಕೋಣೆಗಳಲ್ಲಿ, ಅಥವಾ ನೂರಾರು ಬ್ಯಾಟರಿಗಳನ್ನು ತಿಂಗಳುಗಟ್ಟಲೆ ಹಿಂಬಾಲಿಸುವವರಿಗೆ.

ಆದರೆ ಇನ್ನೆಷ್ಟು ಹೊತ್ತು ನಡೆಯುತ್ತದೆ ಎಂಬುದು ಪ್ರಶ್ನೆಯಾದರೆ ಒಳರೋಧದ ಯಾವ ಮೀಟರೂ ಉತ್ತರ ಹೇಳಲಾರದು. ಮಂಡ್ಯದ ಒಂದು ಸಹಕಾರ ಸಂಘದಲ್ಲಿ ಇದನ್ನು ಕಣ್ಣಾರೆ ಕಂಡೆ. ಮೆಟ್ಟಿಲ ಕೆಳಗಿನ ಗಾಳಿಯಾಡದ ಗೂಡಿನಲ್ಲಿ ಬೇಸಿಗೆಯ ಧಗೆಯಲ್ಲಿ ನಾಲ್ಕು ವರ್ಷ ಕಳೆದಿದ್ದ ಅದೇ ಅಳತೆಯ ಎಂಟು ಬ್ಯಾಟರಿಗಳು. ಎಲ್ಲವುಗಳ ರೋಧ 13 ಮತ್ತು 14.5 ಮಿಲಿಓಮ್‌ನ ನಡುವೆ, ಒಂದೂ ಎದ್ದು ಕಾಣಲಿಲ್ಲ. ಆದರೂ ಲೋಡ್ ಮೇಲೆ ಇಪ್ಪತ್ತೈದು ನಿಮಿಷಕ್ಕೆ ಎಂಟೂ ಒಟ್ಟಿಗೆ ಕುಸಿದವು. ಪ್ಲೇಟಿನ ಮೇಲಿನ ಕ್ರಿಯಾಶೀಲ ವಸ್ತು ಎಲ್ಲದರಲ್ಲೂ ಸಮನಾಗಿ ಸವೆದಿತ್ತು, ಲೋಹದ ದಾರಿ ಮಾತ್ರ ಸರಿಯಾಗಿತ್ತು. ರೋಧ ಹೆಚ್ಚಿದ್ದರೆ ಬ್ಯಾಟರಿ ಕೆಟ್ಟಿದೆ ಎನ್ನಬಹುದು. ರೋಧ ಕಡಿಮೆಯಿದೆ ಎಂದು ಬ್ಯಾಟರಿ ಚೆನ್ನಾಗಿದೆ ಎನ್ನಲಾಗದು. ಅಲ್ಲಿ ಎಂಟನ್ನೂ ಬದಲಿಸಿದೆವು. ಹೊಸವನ್ನು ಗೂಡಿನಿಂದ ಹೊರಗೆ, ಕಿಟಕಿಯ ಬಳಿ ಇರಿಸಿದೆವು. ಶಾಖ 10 ಡಿಗ್ರಿ ಏರಿದರೆ ಈ ಬ್ಯಾಟರಿಗಳ ಆಯುಷ್ಯ ಹೆಚ್ಚು ಕಡಿಮೆ ಅರ್ಧವಾಗುತ್ತದೆ.

ಲ್ಯಾಬಿನಲ್ಲಿ ಒಂದನ್ನೇ ಬದಲಿಸಿದೆ. ಸಾಲು ಎರಡು ವರ್ಷದ ಆಸುಪಾಸಿನಲ್ಲಿದ್ದು, ಉಳಿದವುಗಳ ರೋಧ ಒಂದೇ ಸಮ ಇದ್ದರೆ ಮಾತ್ರ ನಾನು ಹೀಗೆ ಮಾಡುತ್ತೇನೆ. ಮೂರು ನಾಲ್ಕು ವರ್ಷದ ಸಾಲಿಗೆ ಒಂದು ಹೊಸದನ್ನು ಸೇರಿಸಿದರೆ ಹಳೆಯವು ಒಂದೊಂದಾಗಿ ಬೀಳುತ್ತ ಹೋಗುತ್ತವೆ, ಹೊಸದಕ್ಕೂ ಸರಿಯಾದ ಚಾರ್ಜ್ ಸಿಗುವುದಿಲ್ಲ. ಎಂಟರಲ್ಲಿ ಮೂರು ಕೆಟ್ಟಿದ್ದರೂ ಪೂರ್ತಿ ಸಾಲನ್ನೇ ಬದಲಿಸಿ ಎನ್ನುತ್ತೇನೆ. ಅದೇ ಕಂಪನಿಯ, ಅದೇ ಅಳತೆಯ ಹೊಸ ಬ್ಯಾಟರಿಯನ್ನು ಒಂಟಿಯಾಗಿ ಪೂರ್ತಿ ಚಾರ್ಜ್ ಮಾಡಿಯೇ 5ರ ಜಾಗದಲ್ಲಿ ಕೂರಿಸಿದೆವು. ಅದರ ರೋಧ 10.2 ಇತ್ತು. ಎರಡು ದಿನ ಬಿಟ್ಟು ಅದೇ ಹೀಟರ್ ಇಟ್ಟು ಓಡಿಸಿದಾಗ ಎಪ್ಪತ್ತು ನಿಮಿಷವಾದರೂ ಮೊತ್ತ 89 ವೋಲ್ಟ್‌ನಲ್ಲಿ ನಿಂತಿತ್ತು. ಅಲ್ಲಿಗೆ ನಿಲ್ಲಿಸಿ ಮೈನ್ಸ್ ಕೊಟ್ಟೆವು. ಎಂಟರ ಓದು, ದಿನಾಂಕ, ಪ್ರೋಬ್ ಇಟ್ಟ ಜಾಗವನ್ನು ಒಂದು ಹಾಳೆಯಲ್ಲಿ ಬರೆದು ಬ್ಯಾಟರಿ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿದ್ದೇವೆ. ಮುಂದಿನ ಅಳತೆ ದಸರಾ ಕಳೆದ ವಾರ, ಅದೇ ಮೀಟರಿನಲ್ಲಿ.